ಅಪ್ಪನ ಷೇರು, ಏಳು ತಿಂಗಳ ಓಡಾಟ, ಆದರೂ ಕಂಪನಿ ಲೆಕ್ಕದಲ್ಲಿ ದೂರು ಸೊನ್ನೆ: ಈ ಕಮಿಟಿ ಮಾಡುವುದೇನು?

ಡೊಂಬಿವಲಿ ಅಕ್ಕ · 24 ಜನವರಿ 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ.

ನಮ್ಮ ಅಪ್ಪ 2021ರಲ್ಲಿ ತೀರಿಕೊಂಡರು. ಹೋದ ವರ್ಷ ಮನೆ ಬದಲಿಸುವಾಗ ಟ್ರಂಕಿನಲ್ಲಿ ಒಂದು ಕಂಪನಿಯ ಎರಡು ಷೇರು ಸರ್ಟಿಫಿಕೇಟು ಸಿಕ್ಕವು. ಎರಡೂ ಕಾಗದದವು, ಒಟ್ಟು 150 ಷೇರು. ಈಗಿನ ಬೆಲೆಗೆ ಸುಮಾರು 3 ಲಕ್ಷ 20 ಸಾವಿರ. ನಾಮಿನಿ ಹಾಕಿರಲಿಲ್ಲ. ಅಮ್ಮ, ತಮ್ಮ ಇಬ್ಬರೂ ನನ್ನ ಹೆಸರಿಗೇ ಆಗಲಿ ಅಂದರು.

ಜೂನ್‌ನಲ್ಲಿ ಕಂಪನಿಯ ಆರ್‌ಟಿಎಗೆ, ಅಂದರೆ ಕಂಪನಿ ಪರವಾಗಿ ಷೇರುದಾರರ ದಾಖಲೆ ನೋಡಿಕೊಳ್ಳುವ ಸಂಸ್ಥೆಗೆ, ಎಲ್ಲ ಕಾಗದ ಕಳಿಸಿದೆ. ಜುಲೈನಲ್ಲಿ ಪತ್ರ ಬಂತು: ಇಂಡೆಮ್ನಿಟಿ ಬಾಂಡ್ ಸರಿಯಿಲ್ಲ. ಸರಿ ಮಾಡಿ ಕಳಿಸಿದೆ. ಸೆಪ್ಟೆಂಬರ್‌ನಲ್ಲಿ ಇನ್ನೊಂದು: ಸರ್ಟಿಫಿಕೇಟಿನ ಹೆಸರಿಗೂ ಮರಣ ಪತ್ರದ ಹೆಸರಿಗೂ ಹೊಂದಿಕೆಯಾಗುತ್ತಿಲ್ಲ. ಅದಕ್ಕೂ ಅಫಿಡವಿಟ್ ಕೊಟ್ಟೆ. ನವೆಂಬರ್‌ನಲ್ಲಿ ಮೂರನೆಯದು: ತಮ್ಮನ ಒಪ್ಪಿಗೆ ಪತ್ರದ ಮೇಲೆ ನೋಟರಿ ಸೀಲು ಮಸುಕಾಗಿದೆ. ಅಷ್ಟೊತ್ತಿಗೆ 100 ರೂಪಾಯಿ ಸ್ಟಾಂಪ್ ಪೇಪರ್ ನಿಂತು 500 ಆಗಿತ್ತು. ಅದೂ ಆಯಿತು.

ಕೊನೆಗೆ ಕಂಪನಿಯ ಹೂಡಿಕೆದಾರರ ಇಮೇಲಿಗೆ ಬರೆದೆ. 'ನಿಮ್ಮ ಪತ್ರವನ್ನು ಆರ್‌ಟಿಎಗೆ ಕಳಿಸಿದ್ದೇವೆ' ಅಂತ ಒಂದು ಸಾಲು ಬಂತು.

ನಿನ್ನೆ ಬಿಎಸ್‌ಇ ವೆಬ್‌ಸೈಟಿನಲ್ಲಿ ಆ ಕಂಪನಿ ಕೊಟ್ಟ ಅಕ್ಟೋಬರ್-ಡಿಸೆಂಬರ್ ದೂರುಗಳ ಲೆಕ್ಕ ನೋಡಿದೆ. ಮೊದಲೇ ಬಾಕಿ 0, ಬಂದದ್ದು 0, ಬಗೆಹರಿದದ್ದು 0, ಉಳಿದದ್ದು 0. ಹಾಗಾದರೆ ನಾನು ಬರೆದದ್ದು ಏನು? ಷೇರುದಾರರ ದೂರು ನೋಡಲು ಸ್ಟೇಕ್‌ಹೋಲ್ಡರ್ಸ್ ರಿಲೇಶನ್‌ಶಿಪ್ ಕಮಿಟಿ ಅಂತ ವಾರ್ಷಿಕ ವರದಿಯಲ್ಲಿ ದೊಡ್ಡದಾಗಿ ಹಾಕಿದ್ದಾರಲ್ಲ, ಅವರಿಗೆ ನನ್ನ ವಿಷಯ ಗೊತ್ತೇ ಇಲ್ವಾ?

---

ವಾಶಿ ಹುಡುಗ · 24 ಜನವರಿ

ಅಕ್ಕಾ, ಸಿಂಪಲ್. ಆ ಕಮಿಟಿ ಮೂರು ತಿಂಗಳಿಗೊಮ್ಮೆ ಸೇರಲೇಬೇಕು. ಒಂದೊಂದು ದೂರನ್ನೂ ಅವರೇ ಕೂತು ವಿಚಾರಣೆ ಮಾಡ್ತಾರೆ. ಅಧ್ಯಕ್ಷರು ಇಂಡಿಪೆಂಡೆಂಟ್ ಡೈರೆಕ್ಟರ್, ಕಂಪನಿ ಮಾತು ಕೇಳಬೇಕಾಗಿಲ್ಲ. ಅವರಿಗೇ ನೇರ ಪತ್ರ ಬರೀರಿ. ಇಲ್ಲಾಂದ್ರೆ ಎಜಿಎಂನಲ್ಲಿ, ಷೇರುದಾರರ ವಾರ್ಷಿಕ ಸಭೆಯಲ್ಲಿ, ಎದ್ದು ನಿಂತು ಕೇಳಿ, ಬೆವರು ಇಳಿಯುತ್ತೆ.

---

ವಾಸ್ಕೊ ಮಾಮ · 24 ಜನವರಿ

ನನ್ನದೂ ಇದೇ ಗೋಳು. ಇಲ್ಲಿ ಗೋವಾದಲ್ಲಿ ಒಂದು ಕಂಪನಿಯ ಷೇರು ಇಪ್ಪತ್ತು ವರ್ಷದಿಂದ ಇಟ್ಟುಕೊಂಡಿದ್ದೇನೆ. ಡಿವಿಡೆಂಡ್ ಇಲ್ಲ, ಪತ್ರ ಬರೆದರೆ ಉತ್ತರ ಇಲ್ಲ. ಸೆಬಿಯ ದೂರು ಪೋರ್ಟಲ್ ಸ್ಕೋರ್ಸ್‌ನಲ್ಲಿ ಹುಡುಕಿದೆ, ಆ ಕಂಪನಿಯ ಹೆಸರೇ ಬರುತ್ತಿಲ್ಲ. ಸೆಬಿಯವರೂ ಒಳಗೊಳಗೇ ಸೇರಿಕೊಂಡಿದ್ದಾರಾ ಹೇಗೆ?

---

ಮಾಟುಂಗಾ ರಾಯರು · 25 ಜನವರಿ

ವಾಸ್ಕೊ ಮಾಮ, ಮೊದಲು ನಿಮ್ಮದು ಮುಗಿಸುತ್ತೇನೆ. ಆ ಕಂಪನಿ ಎಲ್ಲಾದರೂ ಲಿಸ್ಟ್ ಆಗಿದೆಯಾ ನೋಡಿ. ಲಿಸ್ಟ್ ಆಗದ ಕಂಪನಿಯ ಮೇಲಿನ ದೂರಿಗೆ ಸ್ಕೋರ್ಸ್ ಜಾಗವಲ್ಲ. ಅದು ಕಂಪನಿ ರಿಜಿಸ್ಟ್ರಾರ್ ಕಡೆ ಹೋಗಬೇಕು. ಇಷ್ಟು ಮಾತ್ರ ನಿಜ: ಕಂಪನಿಯಲ್ಲಿ ಷೇರುದಾರರು, ಡಿಬೆಂಚರುದಾರರು, ಠೇವಣಿದಾರರು ಎಲ್ಲ ಸೇರಿ 1000ಕ್ಕಿಂತ ಜಾಸ್ತಿ ಇದ್ದರೆ ಲಿಸ್ಟ್ ಆಗದಿದ್ದರೂ ಈ ಕಮಿಟಿ ಇರಲೇಬೇಕು. 2013ರ ಕಾಯ್ದೆಯ 178ನೇ ಸೆಕ್ಷನ್.

ಈಗ ಅಕ್ಕನ ವಿಷಯ. ನಾನು ಮೂವತ್ತು ವರ್ಷ ಕಂಪನಿಗಳ ಸೆಕ್ರೆಟರಿಯಲ್ ವಿಭಾಗದಲ್ಲಿ ಇದ್ದವನು. ಆಗ ಇದಕ್ಕೆ ಇನ್ವೆಸ್ಟರ್ಸ್ ಗ್ರೀವೆನ್ಸ್ ಕಮಿಟಿ ಅಂತಿದ್ದರು. ಈಗ ಹೆಸರು ಉದ್ದವಾಗಿದೆ.

ವಾಶಿ ಹುಡುಗರು ಹೇಳಿದ್ದು ಅರ್ಧ ಸರಿ. ಸೆಬಿಯ ಲಿಸ್ಟಿಂಗ್ ನಿಯಮದ 20ನೇ ಕಲಂ ಪ್ರಕಾರ ಕನಿಷ್ಠ ಮೂವರು ಡೈರೆಕ್ಟರ್ ಇರಬೇಕು, ಒಬ್ಬರಾದರೂ ಇಂಡಿಪೆಂಡೆಂಟ್ ಆಗಿರಬೇಕು. ಅಧ್ಯಕ್ಷರು ನಾನ್-ಎಕ್ಸಿಕ್ಯುಟಿವ್ ಆಗಿದ್ದರೆ ಸಾಕು. ಪ್ರಮೋಟರ್ ಮನೆಯವರೇ ಸಂಬಳವಿಲ್ಲದ ಕುರ್ಚಿಯಲ್ಲಿ ಕೂತಿದ್ದರೂ ನಡೆಯುತ್ತದೆ. ಸಭೆ ವರ್ಷಕ್ಕೆ ಒಂದೇ ಸಲ ಆದರೂ ನಿಯಮ ಮುರಿದ ಹಾಗಾಗುವುದಿಲ್ಲ. ಕೆಲವು ಕಂಪನಿಗಳು ನಾಲ್ಕು ಸಲ ಸೇರುತ್ತವೆ, ಅದು ಅವರ ಇಷ್ಟ.

ಒಳಗೆ ಏನಾಗುತ್ತದೆ ಕೇಳಿ. ಬೋರ್ಡ್ ಸಭೆಯ ದಿನವೇ, ಅದಕ್ಕೆ ಮೊದಲು, ಹತ್ತು-ಹದಿನೈದು ನಿಮಿಷ. ಸೆಕ್ರೆಟರಿ ಒಂದು ಪಟ್ಟಿ ಇಡುತ್ತಾರೆ. ಡಿವಿಡೆಂಡ್ ಬರಲಿಲ್ಲ: ಇಷ್ಟು. ವಾರ್ಷಿಕ ವರದಿ ಬರಲಿಲ್ಲ: ಇಷ್ಟು. ಷೇರು ವರ್ಗಾವಣೆ: ಇಷ್ಟು. ಎಲ್ಲದರ ಮುಂದೆ ಬಾಕಿ ಸೊನ್ನೆ. 'ಕಮಿಟಿ ಗಮನಿಸಿತು' ಅಂತ ಒಂದು ಸಾಲು, ಚಹಾ, ಮುಗಿಯಿತು. ಒಬ್ಬೊಬ್ಬರ ಪತ್ರ ಓದುವ ಪದ್ಧತಿ ನಾನು ಕಂಡಿಲ್ಲ. ಅವರು ಕೆಟ್ಟವರು ಅಂತ ಹೇಳುತ್ತಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯ ಗಂಟು ಇರುವುದು ಕಮಿಟಿಯಲ್ಲಲ್ಲ, ಪಟ್ಟಿಯಲ್ಲಿ. ನಿಮ್ಮ ಪತ್ರವನ್ನು ಅವರು 'ದೂರು' ಅಂತ ಬರೆದುಕೊಂಡೇ ಇಲ್ಲ.

---

ಠಾಣೆ ಇನ್‌ವರ್ಡ್ · 25 ಜನವರಿ

ರಾಯರು ಹೇಳಿದ್ದಕ್ಕೆ ಒಂದು ತುಂಡು ಸೇರಿಸುತ್ತೇನೆ. ನಾನು ಮೊದಲು ಒಂದು ಆರ್‌ಟಿಎಯಲ್ಲಿ ಕೆಲಸ ಮಾಡುತ್ತಿದ್ದೆ. ಹೆಸರು ಬೇಡ.

ಲಕೋಟೆ ಬಂದ ಕೂಡಲೇ ಇನ್‌ವರ್ಡ್ ನಂಬರ್ ಬೀಳುತ್ತದೆ, ಜೊತೆಗೆ ಒಂದು ಕೋಡ್: ಕೋರಿಕೆ, ವಿಚಾರಣೆ, ಇಲ್ಲಾ ದೂರು. ಸೆಬಿ, ಸ್ಟಾಕ್ ಎಕ್ಸ್‌ಚೇಂಜ್ ಕಡೆಯಿಂದ ಬಂದದ್ದು ಕಣ್ಣು ಮುಚ್ಚಿ ದೂರು. ಉಳಿದದ್ದು ಕುಳಿತ ಹುಡುಗನ ಕೈಯಲ್ಲಿ. 'ದಯವಿಟ್ಟು ನನ್ನ ಹೆಸರಿಗೆ ಮಾಡಿಕೊಡಿ' ಅಂತ ಇದ್ದರೆ ಕೋರಿಕೆ. 'ಏನಾಯಿತು ತಿಳಿಸಿ' ಅಂದರೆ ವಿಚಾರಣೆ. ನಮ್ಮವರು ಮರ್ಯಾದೆಯಿಂದ ಬರೆಯುತ್ತಾರೆ, ಅದೇ ತೊಂದರೆ.

ಇನ್ನೊಂದು. ಕಾಗದದ ಷೇರಿನ ಟ್ರಾನ್ಸ್‌ಮಿಷನ್, ಅಂದರೆ ಸತ್ತವರ ಷೇರು ವಾರಸುದಾರರ ಹೆಸರಿಗೆ ಮಾಡುವುದು, ಎಲ್ಲ ದಾಖಲೆ ಬಂದ ಮೇಲೆ 21 ದಿನದಲ್ಲಿ ಆಗಬೇಕು. 'ಎಲ್ಲ ದಾಖಲೆ ಬಂದ ಮೇಲೆ' ಅನ್ನುವುದನ್ನು ನೋಡಿ. ಆಕ್ಷೇಪ ಪತ್ರ ಹೋದ ದಿನ ಆ ಫೈಲು ಸಿಸ್ಟಮ್‌ನಲ್ಲಿ ಮುಚ್ಚುತ್ತದೆ. ನೀವು ಉತ್ತರ ಕಳಿಸಿದರೆ ಅದು ಹೊಸ ಫೈಲು, ಗಡಿಯಾರ ಮತ್ತೆ ಒಂದರಿಂದ. ಏಳು ತಿಂಗಳು ಎಳೆದರೂ ಯಾವ ಫೈಲಿಗೂ 21 ದಿನ ದಾಟಿರುವುದಿಲ್ಲ.

ಇದು ನಿಮಗೂ ಆಗಿದೆಯಾ ಅಂತ ಪತ್ತೆ ಹಚ್ಚುವುದು ಸುಲಭ. ಆ ಮೂರು ಆಕ್ಷೇಪ ಪತ್ರಗಳ ಮೇಲೆ ಇರುವ ಇನ್‌ವರ್ಡ್ ನಂಬರ್ ಹೋಲಿಸಿ. ಬೇರೆಬೇರೆ ಇದ್ದರೆ ಗಡಿಯಾರ ತಿರುಗಿಸಿದ್ದಾರೆ.

---

ಡೊಂಬಿವಲಿ ಅಕ್ಕ · 25 ಜನವರಿ

ಈಗಷ್ಟೇ ತೆಗೆದು ನೋಡಿದೆ. ಮೂರಕ್ಕೂ ಬೇರೆ ನಂಬರ್! ನಾನು ಇಷ್ಟು ದಿನ ಅದನ್ನು ನೋಡಿಯೇ ಇರಲಿಲ್ಲ.

ಆದರೆ ಹೆಸರಿನದು ಏನು ಮಾಡಲಿ? ಅಪ್ಪ ಊರಿನ ಪದ್ಧತಿಯಲ್ಲಿ ಇನಿಷಿಯಲ್ ಮುಂದೆ ಹಾಕಿ ಷೇರು ತಗೊಂಡಿದ್ದರು, ಒಂದು ಅಕ್ಷರ ಊರಿಗೆ, ಒಂದು ಅಜ್ಜನಿಗೆ. ಇಲ್ಲಿ ಮಹಾನಗರಪಾಲಿಕೆಯ ಮರಣ ಪತ್ರದಲ್ಲಿ ಮರಾಠಿ ಕ್ರಮ: ಅವರ ಹೆಸರು, ಅಜ್ಜನ ಹೆಸರು, ಮನೆತನದ ಹೆಸರು. ಊರಿನ ಅಕ್ಷರ ಎಲ್ಲೂ ಇಲ್ಲ. ಅಫಿಡವಿಟ್ ಕೊಟ್ಟಿದ್ದೇನೆ. ಅದು ಸಾಕಾಯಿತೋ ಇಲ್ಲವೋ ಅಂತ ಯಾರೂ ಹೇಳುತ್ತಿಲ್ಲ.

---

ಕೋಥ್ರೂಡ್ ಕಾಕಾ · 25 ಜನವರಿ

ನಿಮಗೆ ಷೇರಾದರೂ ಕೈಯಲ್ಲಿದೆ ತಾಯಿ. ನನ್ನ ಷೇರು ಐಇಪಿಎಫ್ ಅನ್ನುವ ಸರ್ಕಾರಿ ನಿಧಿಗೇ ಹೋಗಿಬಿಟ್ಟಿದೆ. ಏಳು ವರ್ಷ ಡಿವಿಡೆಂಡ್ ತಗೊಂಡಿಲ್ಲ ಅಂತ. ಪುಣೆಯಲ್ಲಿ ಮೂರು ಮನೆ ಬದಲಿಸಿದೆ, ವಾರಂಟುಗಳು ಹಳೇ ಬಾಡಿಗೆ ಮನೆಗೆ ಹೋಗುತ್ತಾ ಇದ್ದವು. ಕಂಪನಿಗೆ ಕೇಳಿದರೆ ಪ್ರಾಧಿಕಾರದ ಕಡೆ ಬೆರಳು ತೋರಿಸುತ್ತಾರೆ. ಈ ಕಮಿಟಿಗೆ ನನ್ನದೂ ಹಾಕಬಹುದಾ?

---

ಮಾಟುಂಗಾ ರಾಯರು · 26 ಜನವರಿ

ಕಾಕಾ, ಷೇರು ವಾಪಸು ಕೊಡುವುದು ಐಇಪಿಎಫ್ ಪ್ರಾಧಿಕಾರದ ಕೈಯಲ್ಲಿದೆ, ಅದನ್ನು ಕಂಪನಿಯ ಕಮಿಟಿ ಮಾಡಲಾರದು. ಆದರೆ ನಿಮ್ಮ ಅರ್ಜಿಯನ್ನು ಪರಿಶೀಲಿಸಿ ವರದಿ ಕಳಿಸಬೇಕಾದದ್ದು ಕಂಪನಿಯ ನೋಡಲ್ ಅಧಿಕಾರಿ. ಆ ವರದಿಯೇ ಹೋಗಿಲ್ಲ ಅಂದರೆ ಅದು ಕಂಪನಿಯ ಮೇಲಿನ ದೂರು. ಮೊದಲು ಯಾರ ಮೇಜಿನ ಮೇಲೆ ನಿಂತಿದೆ ತಿಳಿದುಕೊಳ್ಳಿ. ನಿಮ್ಮದಕ್ಕೆ ಬೇರೆ ಎಳೆ ತೆರೆಯೋಣ, ಇಲ್ಲಿ ಕಲಸುವುದು ಬೇಡ.

ಅಕ್ಕ, ಹೀಗೆ ಮಾಡಿ. ಆರ್‌ಟಿಎ ಬಿಡಿ, ಕಂಪನಿಯ ಕಂಪ್ಲಾಯನ್ಸ್ ಆಫೀಸರಿಗೆ ಬರೆಯಿರಿ. ಲಿಸ್ಟ್ ಆದ ಕಂಪನಿಯಲ್ಲಿ ಆ ಜಾಗದಲ್ಲಿ ಕಂಪನಿ ಸೆಕ್ರೆಟರಿಯೇ ಇರುತ್ತಾರೆ, ಹೆಸರು-ಇಮೇಲ್ ವೆಬ್‌ಸೈಟಿನಲ್ಲಿ ಹಾಕಲೇಬೇಕು. ವಿಷಯದ ಸಾಲಿನಲ್ಲಿ 'ದೂರು' ಅನ್ನುವ ಮಾತು ಇಂಗ್ಲಿಷ್‌ನಲ್ಲಿ ಕಾಣಿಸಬೇಕು: `Investor Complaint – Folio No. ...`. ಕೋರಿಕೆ, ವಿನಂತಿ ಅಂತ ಎಲ್ಲೂ ಬರಬಾರದು.

ಒಳಗೆ ನಾಲ್ಕು ದಿನಾಂಕ ಮತ್ತು ಇನ್‌ವರ್ಡ್ ನಂಬರುಗಳನ್ನು ಒಂದರ ಕೆಳಗೊಂದು ಬರೆಯಿರಿ. ಆಮೇಲೆ ಎರಡೇ ಮಾತು. ಒಂದು, ಆಕ್ಷೇಪಗಳನ್ನು ಒಂದೇ ಸಲ ಹೇಳಬೇಕು ಅಂತ ಆರ್‌ಟಿಎಗಳಿಗೆ ಸೆಬಿ ಹೇಳಿದೆ. ಜೂನ್‌ನಲ್ಲೇ ಕೈಯಲ್ಲಿದ್ದ ಮರಣ ಪತ್ರದ ಹೆಸರಿನ ಬಗ್ಗೆ ಸೆಪ್ಟೆಂಬರ್‌ನಲ್ಲಿ ಯಾಕೆ ಕೇಳಿದಿರಿ? ಎರಡು, ಇದನ್ನು ದೂರು ಅಂತ ದಾಖಲಿಸಿ ಕಮಿಟಿಯ ಮುಂದಿನ ಸಭೆಯ ಪಟ್ಟಿಯಲ್ಲಿ ಇಡಿ. ಸಿಟ್ಟು, ಕೋರ್ಟು, ಪತ್ರಿಕೆ ಏನೂ ಬೇಡ.

ಎಜಿಎಂನಲ್ಲಿ ಕೇಳುವ ಮಾತು ಬಂತು. ಕಮಿಟಿ ಅಧ್ಯಕ್ಷರು ಎಜಿಎಂಗೆ ಬಂದು ಉತ್ತರ ಕೊಡಬೇಕು, ಅದು ನಿಜ. ಆದರೆ ಕೇಳುವ ಹಕ್ಕು ಸದಸ್ಯರಿಗೆ. ಅಪ್ಪನ ಷೇರು ಇನ್ನೂ ನಿಮ್ಮ ಹೆಸರಿಗೆ ಆಗಿಲ್ಲ, ಹಾಗಾಗಿ ನೀವು ಸದಸ್ಯರೇ ಅಲ್ಲ. ಆಗಲೇಬೇಕು ಅಂದರೆ ನಿಮ್ಮ ಡಿಮ್ಯಾಟ್‌ನಲ್ಲಿ ಅದೇ ಕಂಪನಿಯ ಒಂದು ಷೇರು ಕೊಂಡಿಡಿ. ಒಂದು ಷೇರಿದ್ದವರೂ ಸ್ಪೀಕರ್ ಆಗಿ ಹೆಸರು ಕೊಡಬಹುದು.

---

ವಾಶಿ ಹುಡುಗ · 26 ಜನವರಿ

ವರ್ಷಕ್ಕೆ ಒಂದು ಸಭೆ ಸಾಕು ಅಂತ ಗೊತ್ತಿರಲಿಲ್ಲ ರಾಯರೆ, ತಪ್ಪಾಯ್ತು. ಆದರೆ ಇಷ್ಟೆಲ್ಲ ಪತ್ರ ಯಾಕೆ? ನೇರ ಸ್ಕೋರ್ಸ್‌ಗೆ ಹಾಕಿದರೆ ಸೆಬಿಯೇ ಆರ್ಡರ್ ಮಾಡಿ ಷೇರು ಕೊಡಿಸುತ್ತೆ ಅಲ್ವಾ? ಬಿಕೆಸಿಯಲ್ಲೇ ಆಫೀಸು, ಹೋಗಿ ಕೂತರೂ ಆಯ್ತು.

---

ಮಾಟುಂಗಾ ರಾಯರು · 26 ಜನವರಿ

ಹೋಗಿ ಕೂತರೆ ಚಹಾ ಖರ್ಚು. ಸ್ಕೋರ್ಸ್ ಅನ್ನುವುದು ನ್ಯಾಯಾಲಯವಲ್ಲ, ಅಂಚೆ ಪೆಟ್ಟಿಗೆ ಮತ್ತು ಗಡಿಯಾರ ಎರಡೂ ಸೇರಿದ್ದು. 2024ರ ಏಪ್ರಿಲ್‌ನಿಂದ ಹೊಸ ಸ್ಕೋರ್ಸ್ ಬಂದಿದೆ, scores.sebi.gov.in. ದೂರು ತಾನಾಗಿ ಕಂಪನಿಗೆ ಹೋಗುತ್ತದೆ. 21 ದಿನದಲ್ಲಿ ಕಂಪನಿ ಏನು ಮಾಡಿದೆ ಅಂತ ವರದಿ ಹಾಕಬೇಕು. ಅದು ಸರಿ ಕಾಣದಿದ್ದರೆ 15 ದಿನದೊಳಗೆ ನೀವೇ ಮರುಪರಿಶೀಲನೆ ಕೇಳಬೇಕು. ಆಗ ಸ್ಟಾಕ್ ಎಕ್ಸ್‌ಚೇಂಜ್ ನೋಡುತ್ತದೆ. ಅಲ್ಲೂ ಆಗದಿದ್ದರೆ ಇನ್ನೊಂದು 15 ದಿನದ ಅವಕಾಶ, ಆಗ ಸೆಬಿ ನೋಡುತ್ತದೆ.

ಜನ ಎಡವುವುದು ಆ ಮೊದಲ 15 ದಿನದಲ್ಲಿ. ಕಂಪನಿ ಬರೆಯುವುದು ಸಾಮಾನ್ಯವಾಗಿ ಒಂದೇ ಸಾಲು: 'ಬೇಕಾದ ದಾಖಲೆಗಳ ವಿವರ ಅರ್ಜಿದಾರರಿಗೆ ತಿಳಿಸಲಾಗಿದೆ.' ಇಮೇಲ್ ಸ್ಪ್ಯಾಮ್‌ಗೆ ಬಿದ್ದಿರುತ್ತದೆ. ನೀವು ಸುಮ್ನೆ ಇದ್ದರೆ ದೂರು ಮುಚ್ಚುತ್ತದೆ.

ಇಲ್ಲೇ ಒಂದು ತಮಾಷೆ ಇದೆ. ವಾರ್ಷಿಕ ವರದಿಯ ಕಾರ್ಪೊರೇಟ್ ಗವರ್ನೆನ್ಸ್ ಭಾಗದಲ್ಲಿ ಮೂರು ಅಂಕಿ ಕೊಡಬೇಕು: ಬಂದ ದೂರು ಎಷ್ಟು, ಷೇರುದಾರರಿಗೆ ತೃಪ್ತಿಯಾಗುವಂತೆ ಬಗೆಹರಿಯದವು ಎಷ್ಟು, ಬಾಕಿ ಎಷ್ಟು. ನಡುವಿನ ಅಂಕಿ ನೋಡಿ. ನನ್ನ ಕಾಲದಲ್ಲಿ ಅಲ್ಲಿ ಸೊನ್ನೆ ಬಿಟ್ಟು ಬೇರೆ ಬರೆದದ್ದು ನೆನಪಿಲ್ಲ. ಷೇರುದಾರನಿಗೆ ಫೋನ್ ಮಾಡಿ 'ತೃಪ್ತಿಯಾಯಿತಾ' ಅಂತ ಯಾರು ಕೇಳಿದ್ದರು? ಮುಚ್ಚಿದ್ದೆಲ್ಲ ತೃಪ್ತಿಯೇ.

ಕಂಪನಿಗೆ ಮೊದಲು ಬರೆಯಿರಿ ಅಂದದ್ದಕ್ಕೂ ಕಾರಣ ಇದೆ. ಕಂಪನಿಗೇ ದೂರು ಕೊಡದೆ ಬಂದವರನ್ನು ಮೊದಲು ಅಲ್ಲಿಗೇ ಕಳಿಸುತ್ತಾರೆ. ಹಾಗಂತ ಕಾಯುತ್ತ ಕೂರಲೂಬಾರದು, ಸ್ಕೋರ್ಸ್‌ಗೆ ಒಂದು ವರ್ಷದ ಗಡಿ ಇದೆ.

---

ಠಾಣೆ ಇನ್‌ವರ್ಡ್ · 27 ಜನವರಿ

ಒಂದು ಮಾತು ಆರ್‌ಟಿಎ ಪರವಾಗಿ. ಬೈಯ್ಯಬೇಡಿ. ಸತ್ತವರ ಕಾಗದದ ಷೇರು ಅಂದರೆ ಕಳ್ಳರಿಗೆ ಹಬ್ಬ. ಸುಳ್ಳು ಮರಣ ಪತ್ರ, ಸುಳ್ಳು ವಾರಸುದಾರ, ಎಲ್ಲ ನೋಡಿದ್ದೇನೆ. ತಪ್ಪು ಕೈಗೆ ಹೋದರೆ ಪಾಸ್ ಮಾಡಿದವನ ತಲೆ ಹೋಗುತ್ತದೆ. ತಡ ಮಾಡಿದರೆ ಯಾರ ತಲೆಯೂ ಹೋಗುವುದಿಲ್ಲ. ಅದಕ್ಕೇ ಅನುಮಾನ ಬಂದರೆ ಆಕ್ಷೇಪ ಹಾಕಿ ಕಳಿಸುವುದು.

ಅಕ್ಕನ ಹೆಸರಿನ ವಿಷಯಕ್ಕೆ ಬರಿ ಅಫಿಡವಿಟ್ ಸಾಲದೆ ಹೋಗಬಹುದು. ಎರಡೂ ಹೆಸರನ್ನು ಕಟ್ಟುವ ಒಂದು ಹಳೆಯ ಕಾಗದ ಹುಡುಕಿ. ಆ ಕಂಪನಿಯ ಡಿವಿಡೆಂಡ್ ಬೀಳುತ್ತಿದ್ದ ಬ್ಯಾಂಕ್ ಪಾಸ್‌ಬುಕ್ಕೇ ಒಳ್ಳೆಯದು. ಖಾತೆಯ ಹೆಸರು ಒಂದು ಥರ, ವಿಳಾಸ ನಿಮ್ಮ ಮನೆಯದು, ಡಿವಿಡೆಂಡ್ ಬಂದ ಸಾಲು ಅದೇ ಫೋಲಿಯೋದ್ದು. ಅದರ ಮುಂದೆ ಯಾರೂ ಮಾತಾಡಲ್ಲ.

ಮೊತ್ತ 5 ಲಕ್ಷದ ಒಳಗಿದೆ, ಹಾಗಾಗಿ ಸಕ್ಸೆಶನ್ ಸರ್ಟಿಫಿಕೇಟ್ ಕೇಳಿದರೆ ಒಪ್ಪಬೇಡಿ. ಉಳಿದ ವಾರಸುದಾರರ ಒಪ್ಪಿಗೆ, ನೋಟರಿ ಆದ ಇಂಡೆಮ್ನಿಟಿ ಬಾಂಡ್ ಇದ್ದರೆ ಆಯಿತು.

---

ವಾಸ್ಕೊ ಮಾಮ · 27 ಜನವರಿ

ನೋಡಿದೆ. ಲಿಸ್ಟ್ ಆಗಿತ್ತಂತೆ, ಬಹಳ ಹಿಂದೆಯೇ ತೆಗೆದಿದ್ದಾರಂತೆ. ನನಗೆ ಯಾರೂ ಹೇಳಲಿಲ್ಲ.

---

ಡೊಂಬಿವಲಿ ಅಕ್ಕ · 9 ಮಾರ್ಚ್ 2025

ಸುದ್ದಿ ಹೇಳಲು ಬಂದೆ.

27ರಂದೇ ಕಂಪ್ಲಾಯನ್ಸ್ ಆಫೀಸರಿಗೆ ರಾಯರು ಹೇಳಿದ ಹಾಗೆ ಬರೆದೆ. ಎಂಟು ದಿನ ಏನೂ ಇಲ್ಲ. ಆಮೇಲೆ ಅವರ ಕಚೇರಿಯಿಂದ ಒಬ್ಬ ಹುಡುಗಿ ಫೋನ್ ಮಾಡಿ, 'ಮೇಡಂ, ನಿಮ್ಮ ಮೂರೂ ಫೈಲು ಒಟ್ಟಿಗೆ ತರಿಸಿಕೊಂಡಿದ್ದೇವೆ' ಅಂದಳು. ಮೊದಲ ಸಲ ಯಾರೋ ಮೂರನ್ನೂ ಒಟ್ಟಿಗೆ ನೋಡಿದರು. ಎರಡು ದಿನಕ್ಕೆ ಲಿಖಿತವಾಗಿ ಬಂತು: ಬಾಕಿ ಇರುವುದು ಎರಡೇ. ಹೆಸರಿಗೆ ಇನ್ನೊಂದು ಪುರಾವೆ, ಮತ್ತು ನನ್ನ ಸಹಿಗೆ ಬ್ಯಾಂಕಿನ ದೃಢೀಕರಣದ ಐಎಸ್‌ಆರ್-2 ಫಾರ್ಮ್.

ಪಾಸ್‌ಬುಕ್ ಅಮ್ಮನ ಸೀರೆ ಪೆಟ್ಟಿಗೆಯಲ್ಲಿತ್ತು. 2016ರ ಪುಟದಲ್ಲಿ ಡಿವಿಡೆಂಡ್ ಸಾಲು ಇದೆ, ಅಪ್ಪನ ಪೂರ್ತಿ ಹೆಸರೂ ಇದೆ, ಊರಿನ ಅಕ್ಷರ ಸಮೇತ. ಅದನ್ನು ಕಳಿಸಿದೆ. ಬ್ಯಾಂಕಿನವರು ಐಎಸ್‌ಆರ್-2ಗೆ ಸೀಲು ಹಾಕಲು ಮಾತ್ರ ಮೂರು ಸಲ ಓಡಾಡಿಸಿದರು, 'ಇದು ಏನು ಫಾರ್ಮ್' ಅಂತ.

ಮೊನ್ನೆ ಷೇರು ನನ್ನ ಹೆಸರಿಗೆ ಮಾಡಲು ಒಪ್ಪಿದ ಲೆಟರ್ ಆಫ್ ಕನ್ಫರ್ಮೇಶನ್ ಬಂತು! ಸ್ಕೋರ್ಸ್‌ಗೆ ಹೋಗುವ ಹೊತ್ತು ಬರಲೇ ಇಲ್ಲ.

---

ಠಾಣೆ ಇನ್‌ವರ್ಡ್ · 9 ಮಾರ್ಚ್

ಖುಷಿಯಾಯಿತು ಅಕ್ಕ. ಆದರೆ ಅದನ್ನು ದೇವರ ಮುಂದೆ ಇಟ್ಟು ಮರೀಬೇಡಿ. ಪತ್ರದ ದಿನಾಂಕದಿಂದ 120 ದಿನದೊಳಗೆ ಡಿಮ್ಯಾಟ್‌ಗೆ ಕೊಡಬೇಕು. ದಾಟಿದರೆ ಷೇರು ಕಂಪನಿಯ ಸಸ್ಪೆನ್ಸ್ ಎಸ್ಕ್ರೋ ಡಿಮ್ಯಾಟ್ ಖಾತೆಗೆ ಹೋಗುತ್ತದೆ. ಕಳೆಯುವುದಿಲ್ಲ, ಆದರೆ ಮತ್ತೆ ಇನ್‌ವರ್ಡ್ ನಂಬರ್‌ನಿಂದ ಶುರು.

---

ಮಾಟುಂಗಾ ರಾಯರು · 10 ಮಾರ್ಚ್

ಡಿವಿಡೆಂಡ್ ಮರೆಯಬೇಡಿ. ಅಪ್ಪನ ಖಾತೆ ಯಾವಾಗ ಮುಚ್ಚಿದಿರಿ?

---

ಡೊಂಬಿವಲಿ ಅಕ್ಕ · 10 ಮಾರ್ಚ್

2021ರ ಕೊನೆಗೆ. ಅಲ್ಲಿಯವರೆಗೆ ಬೀಳುತ್ತಿತ್ತು. ಹಾಗಾಗಿ ಏಳು ವರ್ಷ ಆಗಿಲ್ಲ, ಕಾಕಾ ಅವರ ಹಾಗೆ ಷೇರು ಐಇಪಿಎಫ್‌ಗೆ ಹೋಗಿಲ್ಲ. ಆಮೇಲಿನ ಮೂರು ವರ್ಷದ್ದು ಕಂಪನಿಯ ಬಳಿ ಇದೆ ಅಂದರು. ಅದಕ್ಕೆ ಬೇರೆ ಪತ್ರ ಹಾಕಬೇಕಂತೆ. ಈ ಸಲ ಏನಂತ ಬರೆಯಲಿ ರಾಯರೆ, ಕೋರಿಕೆಯೋ ದೂರೋ?

---

ಮಾಟುಂಗಾ ರಾಯರು · 10 ಮಾರ್ಚ್

ಮೊದಲ ಪತ್ರ ಕೋರಿಕೆ. ಅದು ನ್ಯಾಯ. ಕ್ಯಾಲೆಂಡರ್‌ನಲ್ಲಿ 21 ಎಣಿಸಿ, 22ನೇ ದಿನ ದೂರು.

---

ವಾಶಿ ಹುಡುಗ · 11 ಮಾರ್ಚ್

ಒಂದು ಕೇಳ್ತೀನಿ. ಅಕ್ಕನ ಜನವರಿ ದೂರು ಈಗ ಜನವರಿ-ಮಾರ್ಚ್ ಲೆಕ್ಕದಲ್ಲಿ 'ಬಂದದ್ದು 1, ಬಗೆಹರಿದದ್ದು 1' ಅಂತ ಬರಬೇಕಲ್ವಾ?

---

ಡೊಂಬಿವಲಿ ಅಕ್ಕ · 2 ಮೇ 2025

ವಾಶಿ ತಮ್ಮ, ನೋಡಿದೆ. ಬಂದದ್ದು 0.

---

ಮಾಟುಂಗಾ ರಾಯರು · 2 ಮೇ

ನಿಮ್ಮ ಹೆಸರಿಗೆ ಈಗ 150 ಷೇರು ಇದೆ ಅಲ್ವಾ. ಎಜಿಎಂ ನೋಟಿಸ್ ಬಂದಾಗ ಸ್ಪೀಕರ್ ನೋಂದಣಿಯ ಕೊನೆಯ ದಿನ ನೋಡಿಕೊಳ್ಳಿ. ಜನವರಿಯಲ್ಲಿ ಕಂಪ್ಲಾಯನ್ಸ್ ಆಫೀಸರಿಗೆ ಬರೆದ ಆ ದೂರಿನ ಇಮೇಲ್ ಪ್ರಿಂಟ್ ತೆಗೆದಿಡಿ.